ತುಂಬಿದ ಟಬ್ಬು, ತೊಟ್ಟಿಕ್ಕುವ ಸೀಲಿಂಗು

ನ್ಯೂಜೆರ್ಸಿಯ ಎಡಿಸನ್ ಹತ್ತಿರ, 1980ರ ದಶಕದಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಊಟದ ಮೇಜಿನ ನೇರಕ್ಕೆ, ಸೀಲಿಂಗಿನಲ್ಲಿ ಅಂಗೈಯಗಲದ ಚಹಾ ಬಣ್ಣದ ಕಲೆಯೊಂದು ಮೂಡಿತು. ಮನೆಯವರು ಹಾಸನದ ಕಡೆಯವರು. ಗಂಡ, ಹೆಂಡತಿ, ಇಬ್ಬರು ಪುಟ್ಟ ಮಕ್ಕಳು, ಜೊತೆಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆಗಷ್ಟೇ ಊರಿನಿಂದ ಬಂದಿದ್ದ ಅಜ್ಜಿ. ಆ ಕಲೆ ವಾರವೆಲ್ಲ ಒಣಗಿಕೊಂಡು ಸುಮ್ಮನಿರುತ್ತಿತ್ತು. ಭಾನುವಾರ ಸಂಜೆ ಮಾತ್ರ ಅದರ ಅಂಚು ಕಪ್ಪಾಗಿ, ನಡುವೆ ಒಂದೊಂದೇ ಹನಿ ಕೂಡಿಕೊಳ್ಳುತ್ತಿತ್ತು.

ಕಲೆಯ ಮೇಲ್ಗಡೆ ಇದ್ದದ್ದು ಮಹಡಿಯ ಬಾತ್‌ರೂಮು. ಕರೆಸಿದ ಪ್ಲಂಬರು ಶವರ್ ಬಿಟ್ಟು ಕಾದು ನೋಡಿದ, ಟಬ್ಬಿನ ಅಂಚಿನ ಸಿಲಿಕೋನ್ ಒತ್ತಿ ನೋಡಿದ, ನಲ್ಲಿಗಳನ್ನು ತಿರುಗಿಸಿದ. ಎಲ್ಲೂ ಸೋರಿಕೆ ಕಾಣುತ್ತಿಲ್ಲ ಎಂದು ಹೇಳಿ ಬಿಲ್ಲು ಕೊಟ್ಟು ಹೋದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಇದ್ದಷ್ಟು ಹೊತ್ತು ಅದು ಸೋರಲೇ ಇಲ್ಲ.

ಗುಟ್ಟು ಹಿಡಿದದ್ದು ಅಜ್ಜಿ. ಆ ಮನೆಯಲ್ಲಿ ಉಳಿದ ದಿನ ಎಲ್ಲರದೂ ಅವಸರದ ಶವರ್ ಸ್ನಾನ. ಭಾನುವಾರ ಮಾತ್ರ ಅಜ್ಜಿ ಮಕ್ಕಳಿಗೆ ಮೈತುಂಬ ಎಣ್ಣೆ ಹಚ್ಚಿ, ಟಬ್ಬಿನ ತುಂಬ ಬಿಸಿನೀರು ಬಿಟ್ಟು, ಇಬ್ಬರನ್ನೂ ಒಟ್ಟಿಗೆ ಇಳಿಸುತ್ತಿದ್ದರು. "ನಾನು ನೀರು ಜಾಸ್ತಿ ಬಿಟ್ಟ ದಿನವೇ ಕೆಳಗೆ ಒದ್ದೆ ಆಗ್ತಿದೆ ಕಣೋ. ನೀರು ಬಚ್ಚಲ ಪೈಪಿಗೆ ಹೋಗೋದು ಬಿಟ್ಟು ಊಟದ ಮನೆಗೆ ಯಾಕೆ ಬರತ್ತೆ?" ಎಂದು ಮಗನನ್ನು ಕೇಳಿದರು. ಟಬ್ಬು ಸೋರುವ ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಎಷ್ಟು ನೀರು ತುಂಬಿದಾಗ ಸೋರುತ್ತದೆ?

ನಮ್ಮೂರಿನ ಬಚ್ಚಲಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಬಕೆಟ್ಟು ತುಂಬಿ ಚೆಲ್ಲಿದರೆ ನೀರು ನೆಲಕ್ಕೆ ಬೀಳುತ್ತದೆ, ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಮೂಲೆಯ ಜಾಲರಿಯಲ್ಲಿ ಇಳಿದುಹೋಗುತ್ತದೆ. ಅಮೆರಿಕದ ಮನೆಗಳ ಬಾತ್‌ರೂಮಿನಲ್ಲಿ ನೆಲದಲ್ಲಿ ಸಾಮಾನ್ಯವಾಗಿ ಅಂಥ ಕಿಂಡಿ ಇರುವುದಿಲ್ಲ. ಟಬ್ಬಿನಿಂದ ಆಚೆ ಬಿದ್ದ ನೀರಿಗೆ ದಾರಿಯೇ ಇಲ್ಲ. ನೆಲದ ಕೆಳಗೆ ಕಾಂಕ್ರೀಟೂ ಇಲ್ಲ. ಪ್ಲೈವುಡ್ ಹಲಗೆ, ಅದನ್ನು ಹೊತ್ತ ಮರದ ತೊಲೆಗಳು, ತೊಲೆಗಳಿಗೆ ಕೆಳಗಿನಿಂದ ಹೊಡೆದ ಜಿಪ್ಸಮ್ ಹಲಗೆ, ಇಷ್ಟೇ. ಆ ಜಿಪ್ಸಮ್ ಹಲಗೆಯೇ ಕೆಳಮನೆಯ ಸೀಲಿಂಗು. ಹಾಗಾಗಿ ನಲ್ಲಿ ನಿಲ್ಲಿಸಲು ಮರೆತವರನ್ನು ಕಾಪಾಡಲು ಟಬ್ಬಿನ ಗೋಡೆಯಲ್ಲೇ, ಅಂಚಿನಿಂದ ಸ್ವಲ್ಪ ಕೆಳಗೆ, ಒಂದು ತೂತು ಕೊರೆದು ಪೈಪು ಜೋಡಿಸಿರುತ್ತಾರೆ. ಹೆಚ್ಚಾದ ನೀರು ಆ ಓವರ್‌ಫ್ಲೋ ದಾರಿ ಹಿಡಿದು ಚರಂಡಿ ಸೇರಬೇಕು. ಕಾಪಾಡಬೇಕಾದ ಆ ದಾರಿಯೇ ಕೆಟ್ಟರೆ ಏನಾಗುತ್ತದೆ ಎನ್ನುವುದು ಈ ಮನೆಯ ಕಥೆ.

ಹೊರಗಿನಿಂದ ಕಾಣುವುದು ನಲ್ಲಿಯ ಕೆಳಗಿನ ಒಂದು ದುಂಡನೆಯ ಹೊಳೆಯುವ ಮುಚ್ಚಳ, ಅದರಲ್ಲಿ ಒಂದೋ ಎರಡೋ ಸ್ಕ್ರೂ. ಈ ಮುಚ್ಚಳ ನೀರು ತಡೆಯುವ ಸಾಧನವೆಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೂ ನೀರು ತಡೆಯುವುದಕ್ಕೂ ಸಂಬಂಧವಿಲ್ಲ. ಅದರ ಕೆಳಅಂಚಿನಲ್ಲಿ ನೀರು ಒಳಗೆ ಹೋಗಲೆಂದೇ ಒಂದು ಸೀಳು ಬಿಟ್ಟಿರುತ್ತಾರೆ. ನೀರು ತಡೆಯುವ ಕೆಲಸವೆಲ್ಲ ಕಣ್ಣಿಗೆ ಕಾಣದ ಹಿಂಬದಿಯಲ್ಲಿ ನಡೆಯುತ್ತದೆ. ಟಬ್ಬಿನ ಗೋಡೆಯ ಆಚೆ ಬದಿಗೆ ಒಂದು ಎಲ್ಬೋ ಬಂದು ಕೂರುತ್ತದೆ. ಎಲ್ಬೋವಿನ ಅಗಲ ಬಾಯಿಗೂ ಟಬ್ಬಿನ ಬೆನ್ನಿಗೂ ನಡುವೆ ದಪ್ಪನೆಯ ರಬ್ಬರ್ ಗ್ಯಾಸ್ಕೆಟ್ಟು ಸಿಕ್ಕಿಕೊಂಡಿರುತ್ತದೆ. ಮುಚ್ಚಳದ ಸ್ಕ್ರೂ ಟಬ್ಬಿನ ತೂತನ್ನು ದಾಟಿ ಎಲ್ಬೋವಿನ ಒಳಗಿರುವ ಪಟ್ಟಿಗೆ ಹಿಡಿಯುತ್ತದೆ. ಸ್ಕ್ರೂ ಬಿಗಿದಷ್ಟೂ ಎಲ್ಬೋ ಮುಂದಕ್ಕೆ ಬಂದು ಗ್ಯಾಸ್ಕೆಟ್ಟನ್ನು ಟಬ್ಬಿನ ಬೆನ್ನಿಗೆ ಒತ್ತುತ್ತದೆ. ಅಂದರೆ ಹೊರಗಿನ ಮುಚ್ಚಳ ಒಂದು ಹಿಡಿಕೆ ಮಾತ್ರ.

ಎಲ್ಬೋವಿನಿಂದ ಒಂದೂವರೆ ಇಂಚಿನ ಪೈಪೊಂದು ನೆಟ್ಟಗೆ ಕೆಳಗಿಳಿಯುತ್ತದೆ. ಟಬ್ಬಿನ ತಳದ ಕಿಂಡಿಯಿಂದ ಇನ್ನೊಂದು ಪೈಪು ಅಡ್ಡಲಾಗಿ ಬರುತ್ತದೆ. ಎರಡೂ ಒಂದು ಟೀಯಲ್ಲಿ ಸೇರಿ, ಅಲ್ಲಿಂದ ಟ್ರ್ಯಾಪಿಗೆ, ಮುಂದೆ ಚರಂಡಿಗೆ ಹೋಗುತ್ತವೆ. ಈಗಿನ ಮನೆಗಳಲ್ಲಿ ಇವು ಹೆಚ್ಚಾಗಿ ಅಂಟು ಹಾಕಿ ಕೂಡಿಸಿದ ಪ್ಲಾಸ್ಟಿಕ್ ಪೈಪುಗಳು. ಹಳೆಯ ಮನೆಗಳಲ್ಲಿ ತೆಳು ಹಿತ್ತಾಳೆಯವು. ಅವಕ್ಕೆ ಅಂಟಿಲ್ಲ, ಬೆಸುಗೆಯಿಲ್ಲ. ಒಂದು ಪೈಪು ಇನ್ನೊಂದರೊಳಗೆ ಜಾರಿ ಕೂರುತ್ತದೆ, ಮೇಲೆ ವಾಷರ್ರು, ಅದರ ಮೇಲೆ ನಟ್ಟು. ಎಡಿಸನ್ ಮನೆಯಲ್ಲಿದ್ದದ್ದು ಈ ಹಿತ್ತಾಳೆಯ ಜೋಡಣೆ.

ಶವರ್ ಬಿಟ್ಟಾಗ ನೀರು ಟಬ್ಬಿನ ತಳದಲ್ಲಿ ಹರಿದು ಕೆಳಗಿನ ಕಿಂಡಿಯಲ್ಲಿ ಹೋಗುತ್ತದೆ. ಅದು ಓವರ್‌ಫ್ಲೋ ಪೈಪಿನ ಹತ್ತಿರ ಸುಳಿಯುವುದಿಲ್ಲ. ಟಬ್ಬು ಅರ್ಧ ತುಂಬಿದರೂ ಸುಳಿಯುವುದಿಲ್ಲ. ಹಾಗಾಗಿ ಗ್ಯಾಸ್ಕೆಟ್ಟು ಹರಿದು ವರ್ಷಗಳೇ ಆಗಿದ್ದರೂ ಮನೆಯವರಿಗೆ ಗೊತ್ತಾಗದೆ ಇರಬಹುದು. ಟಬ್ಬಿನ ತಳದಿಂದ ಓವರ್‌ಫ್ಲೋ ತೂತಿಗೆ ಹಳೆಯ ಟಬ್ಬುಗಳಲ್ಲಿ ಸುಮಾರು 10ರಿಂದ 12 ಇಂಚು ಎತ್ತರ. ಖಾಲಿ ಟಬ್ಬಿಗೆ ನೀರು ಬಿಡುವವರು ಆ ಮಟ್ಟ ಮುಟ್ಟುವ ಮೊದಲೇ ನಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಮನುಷ್ಯ ಇಳಿಯುತ್ತಾನೆ. ಸಾಮಾನ್ಯ ಟಬ್ಬಿನೊಳಗೆ ನೀರಿನ ಮೇಲ್ಮೈ ಸುಮಾರು 0.7 ಚದರ ಮೀಟರ್ ಎಂದುಕೊಳ್ಳಿ. ಇಳಿದವರ ದೇಹ 50 ಲೀಟರಿನಷ್ಟು ಜಾಗ ಹಿಡಿದರೆ ನೀರು 7 ಸೆಂಟಿಮೀಟರ್ ಮೇಲೇರುತ್ತದೆ. ಮೂರು ಇಂಚಿಗೆ ಹತ್ತಿರ. ನಲ್ಲಿ ನಿಲ್ಲಿಸಿದಾಗ ತೂತಿನಿಂದ ಎರಡು ಇಂಚು ಕೆಳಗಿದ್ದ ನೀರು, ಜನ ಕೂತ ಮೇಲೆ ತೂತಿನೊಳಗೆ ನುಗ್ಗಲು ಇಷ್ಟು ಸಾಕು.

ಮಕ್ಕಳದ್ದಾದರೆ ದೇಹ ಚಿಕ್ಕದು, ಆಟ ದೊಡ್ಡದು. ಅವರು ಕಾಲು ಬಡಿದಾಗ ಏಳುವ ಅಲೆ ಮುಚ್ಚಳದ ಸೀಳಿಗೆ ನೀರು ಎರಚುತ್ತದೆ, ಮಟ್ಟ ಕೆಳಗಿದ್ದರೂ. ಸೋರಿಕೆ ಕೆಲವು ಭಾನುವಾರ ಹೆಚ್ಚು, ಕೆಲವು ಭಾನುವಾರ ಇಲ್ಲವೇ ಇಲ್ಲ ಎನ್ನುವ ಗೊಂದಲಕ್ಕೆ ಇದೇ ಕಾರಣವಾಗಿತ್ತು. ಪಾಪ, ಆ ಪ್ಲಂಬರು ಟಬ್ಬು ತುಂಬಿಸಿ ಇಬ್ಬರು ಮಕ್ಕಳನ್ನು ಇಳಿಸಿ ಪರೀಕ್ಷೆ ಮಾಡುವುದು ಸಾಧ್ಯವಿರಲಿಲ್ಲ. ಆದರೆ ಟಬ್ಬನ್ನಾದರೂ ತುಂಬಿಸಬೇಕಿತ್ತು.

ಗ್ಯಾಸ್ಕೆಟ್ಟು ಯಾಕೆ ಹಾಳಾಗುತ್ತದೆ? ಹೆಚ್ಚಿನ ಕಾಲ ಅದು ಒಣಗಿಯೇ ಇರುತ್ತದೆ. ವರ್ಷಾನುಗಟ್ಟಲೆ ಒಂದೇ ಒತ್ತಡದಲ್ಲಿ ಅಮುಕಿ ಕೂತ ರಬ್ಬರು ನಿಧಾನಕ್ಕೆ ತನ್ನ ಪುಟಿಯುವ ಗುಣ ಕಳೆದುಕೊಂಡು ಗಟ್ಟಿಯಾಗುತ್ತದೆ. ಬಿಸಿನೀರು, ಸೋಪು, ಗೋಡೆಯೊಳಗಿನ ಶಾಖ ಚಳಿಗಳೂ ಸೇರುತ್ತವೆ. ಸ್ಪಂಜಿನಂಥ ಗ್ಯಾಸ್ಕೆಟ್ಟಾದರೆ ಕೊನೆಗೆ ಕೈಯಲ್ಲಿ ಪುಡಿಯಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಟಬ್ಬಿನ ಗೋಡೆ ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಹೊರಕ್ಕೆ ವಾಲಿರುತ್ತದೆ. ಪೈಪು ಮಾತ್ರ ನೆಟ್ಟಗೆ ನಿಂತಿರುತ್ತದೆ. ಇವೆರಡರ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಅದಕ್ಕೇ ಈ ಗ್ಯಾಸ್ಕೆಟ್ಟನ್ನು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇರುವಂತೆ ಅಚ್ಚು ಹಾಕಿರುತ್ತಾರೆ. ದಪ್ಪ ಬದಿ ಕೆಳಗೆ ಬರಬೇಕು. ಅದು ತಿರುಗಿ ಕೂತರೆ, ಹೊಚ್ಚ ಹೊಸದಾದರೂ, ನೀರು ಮೊದಲು ಮುಟ್ಟುವ ಕೆಳಭಾಗದಲ್ಲೇ ಸಂದು ಉಳಿಯುತ್ತದೆ.

ಇಲ್ಲಿ ನೀರಿನ ಒತ್ತಡ ಏನೇನೂ ಇಲ್ಲ. ನಲ್ಲಿ ಪೈಪು ಒಡೆದ ಹಾಗೆ ಚಿಮ್ಮುವುದಿಲ್ಲ. ಎಲ್ಬೋವಿನ ಬಾಯಿಗೆ ಬಂದ ನೀರಿನಲ್ಲಿ ಒಂದಿಷ್ಟು ಗ್ಯಾಸ್ಕೆಟ್ಟಿನ ಬಿರುಕಿನಲ್ಲಿ ನುಸುಳಿ, ಟಬ್ಬಿನ ಬೆನ್ನ ಮೇಲೆ ಸದ್ದಿಲ್ಲದೆ ಇಳಿದು, ಪ್ಲೈವುಡ್ಡಿನ ಮೇಲೆ ಹರಡುತ್ತದೆ. ಪ್ಲೈವುಡ್ಡು ಸ್ವಲ್ಪ ಕುಡಿಯುತ್ತದೆ. ಉಳಿದದ್ದು ಪೈಪಿಗಾಗಿ ಕೊರೆದ ತೂತಿನಲ್ಲೋ ಹಲಗೆಗಳ ಸಂದಿನಲ್ಲೋ ಇಳಿದು ಸೀಲಿಂಗು ಸೇರುತ್ತದೆ. ಸ್ನಾನ ಮುಗಿದು ಅರ್ಧ ಗಂಟೆಯ ಮೇಲೆ ಹನಿ ಕಾಣುವುದೂ ಉಂಟು. ಕಲೆ ಬಿದ್ದ ಜಾಗದ ನೆತ್ತಿಯ ಮೇಲೇ ಸೋರಿಕೆ ಇರಬೇಕೆಂದೂ ಇಲ್ಲ. ತೊಲೆಯ ಗುಂಟ ನೀರು ನಾಲ್ಕಾರು ಅಡಿ ನಡೆದುಬಿಡುತ್ತದೆ.

ಮನೆಯ ಯಜಮಾನ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಅಂಗಡಿಯಿಂದ ಸಿಲಿಕೋನ್ ಟ್ಯೂಬು ತಂದು ಮುಚ್ಚಳದ ಸುತ್ತ ಬಳಿದ. ಸ್ಕ್ರೂಗಳನ್ನು ತಿರುಗುವವರೆಗೂ ತಿರುಗಿಸಿ ಬಿಗಿದ. ಮುಂದಿನ ಭಾನುವಾರ ಹನಿ ಕಡಿಮೆಯಾಗುವ ಬದಲು ಜಾಸ್ತಿಯಾಯಿತು.

ಸಿಲಿಕೋನ್ ಯಾಕೆ ಕೆಲಸಕ್ಕೆ ಬರಲಿಲ್ಲ ಎನ್ನುವುದು ಸುಲಭ. ಕೆಳಗಿನ ಸೀಳು ಬಿಟ್ಟು ಬಳಿದರೆ ನೀರು ಸೀಳಿನಲ್ಲಿ ಹೋಗಿ, ಹಿಂದಿನ ಗ್ಯಾಸ್ಕೆಟ್ಟಿನಲ್ಲಿ ಮೊದಲಿನಂತೆಯೇ ಸೋರುತ್ತದೆ. ಸೀಳನ್ನೂ ಮುಚ್ಚಿಬಿಟ್ಟರೆ ಓವರ್‌ಫ್ಲೋ ಸತ್ತಂತೆ. ನಲ್ಲಿ ಮರೆತ ದಿನ ಟಬ್ಬೇ ಉಕ್ಕುತ್ತದೆ, ಒಂದು ಹನಿಯ ಬದಲು ಸೀಲಿಂಗೇ ಕೆಳಗೆ ಬರಬಹುದು. ಕುತ್ತಿಗೆವರೆಗೂ ನೀರಿನಲ್ಲಿ ಮುಳುಗಲಿ ಎಂದು ಓವರ್‌ಫ್ಲೋ ಮುಚ್ಚಳದ ಮೇಲೆ ಅಂಟಿಸುವ ರಬ್ಬರ್ ಟೋಪಿಗಳು ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತವೆ. ಅವೂ ಇದೇ ಅಪಾಯದವು. ಅವುಗಳ ಅಂಚಿನಿಂದ ನೀರು ಒಳನುಸುಳಿದರೆ ಹಿಂದಿನ ಗ್ಯಾಸ್ಕೆಟ್ಟಿಗೆ ಸ್ನಾನ ಮುಗಿಯುವವರೆಗೂ ನೀರು ತಾಗುತ್ತಲೇ ಇರುತ್ತದೆ.

ಸ್ಕ್ರೂ ಬಿಗಿದದ್ದರಿಂದ ಸೋರಿಕೆ ಹೆಚ್ಚಾದದ್ದು ಮಾತ್ರ ಸ್ವಲ್ಪ ಯೋಚಿಸಬೇಕಾದ ಸಂಗತಿ. ಸ್ಕ್ರೂ ಬಿಗಿದಾಗ ಎಲ್ಬೋ ಟಬ್ಬಿನ ಕಡೆಗೆ ಬರುತ್ತದೆ ಎಂದೆನಲ್ಲ, ಅದು ಒಂಟಿಯಾಗಿ ಬರುವುದಿಲ್ಲ. ತನಗೆ ಜೋಡಿಸಿದ ಪೈಪನ್ನೂ ವಾಲಿಸಿಕೊಂಡು ಬರುತ್ತದೆ. ಆ ಪೈಪಿನ ಕೆಳತುದಿ ಟೀಯೊಳಗೆ ಆಳವಾಗಿ ಕೂತಿದ್ದರೆ ಇಷ್ಟು ವಾಲುವಿಕೆಯಿಂದ ಏನೂ ಆಗುವುದಿಲ್ಲ. ಕೂತಿಲ್ಲದಿದ್ದರೆ ಅಲ್ಲಿ ಬಾಯಿ ಬಿಡುತ್ತದೆ. ಮೇಲೆ ಗ್ಯಾಸ್ಕೆಟ್ಟು, ಕೆಳಗೆ ಪೈಪಿನ ಸಂದು, ಹೀಗೆ ಎರಡು ದೋಷಗಳು ಒಂದೇ ಗೋಡೆಯ ಹಿಂದೆ ಇರಬಹುದು. ಎರಡೂ ಟಬ್ಬು ತುಂಬಿದಾಗಲೇ ಕಾಣಿಸಿಕೊಳ್ಳುತ್ತವೆ, ಎರಡರ ನೀರೂ ಒಂದೇ ಕಲೆಗೆ ಬಂದು ಸೇರುತ್ತದೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಹೀಗೆ. ಗ್ಯಾಸ್ಕೆಟ್ಟು ಬದಲಾಯಿಸಿದೆ, ಆದರೂ ಸೋರುತ್ತಿದೆ ಎಂದು ದೂರುವವರಲ್ಲಿ ಅನೇಕರ ಮನೆಯಲ್ಲಿ ನಡೆದಿರುವುದು ಇದೇ ಎಂಬುದು ನನ್ನ ಗುಮಾನಿ.

ಹಾಗಾದರೆ ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಎರಡನೇ ಸಲ ಬಂದ ಪ್ಲಂಬರು ವಯಸ್ಸಾದವರು, ಮಾತು ಕಡಿಮೆ. ಮೊದಲು ಕಲೆಯ ಹತ್ತಿರವಿದ್ದ ದೀಪದ ಸರ್ಕ್ಯೂಟಿನ ಸ್ವಿಚ್ಚನ್ನು ಮೇನ್ ಪೆಟ್ಟಿಗೆಯಲ್ಲೇ ಇಳಿಸಿದರು. ಕೆಳಗೆ ಮನೆಯವರೊಬ್ಬರನ್ನು ಟಾರ್ಚು ಕೊಟ್ಟು ನಿಲ್ಲಿಸಿದರು. ಟಬ್ಬಿನ ಕಿಂಡಿ ಮುಚ್ಚಿ, ಓವರ್‌ಫ್ಲೋ ತೂತಿಗೆ ಮೂರು ಇಂಚು ಕಡಿಮೆ ಇರುವಂತೆ ನೀರು ತುಂಬಿ, ಮಟ್ಟದಲ್ಲಿ ಒಂದು ಚೂರು ಟೇಪು ಅಂಟಿಸಿ ಅರ್ಧ ಗಂಟೆ ಬಿಟ್ಟರು. ಮಟ್ಟ ಇಳಿಯಲಿಲ್ಲ, ಕೆಳಗೆ ಹನಿಯೂ ಇಲ್ಲ. ಟಬ್ಬಿನಲ್ಲಿ ಬಿರುಕಿಲ್ಲ, ತಳದ ಕಿಂಡಿಯ ಸುತ್ತಲಿನ ಜೋಡಣೆ ಗಟ್ಟಿ ಎಂದು ಅದರಿಂದ ಗೊತ್ತಾಯಿತು. ಆಮೇಲೆ ಕಿಂಡಿ ತೆರೆದು ಅಷ್ಟೂ ನೀರನ್ನು ಒಮ್ಮೆಲೇ ಬಿಟ್ಟರು. ಆಗಲೂ ಕೆಳಗೆ ಒಣ. ಅಂದರೆ ಅಡ್ಡ ಪೈಪು, ಟ್ರ್ಯಾಪು ಸರಿಯಾಗಿವೆ.

ಉಳಿದದ್ದು ಓವರ್‌ಫ್ಲೋ ದಾರಿ. ಅವರು ಕಿಂಡಿಯ ಮೇಲೆ ಒಂದು ಬಟ್ಟೆ ಹಾಸಿದರು, ಸ್ಕ್ರೂ ಬಿದ್ದು ಒಳಗೆ ಹೋಗದಿರಲೆಂದು. ಮುಚ್ಚಳ ಬಿಚ್ಚಿದರು. ಕೆಲವು ಟಬ್ಬುಗಳಲ್ಲಿ ಮುಚ್ಚಳದ ಮೇಲಿನ ಸನ್ನೆಯೇ ಕಿಂಡಿಯನ್ನು ತೆರೆದು ಮುಚ್ಚುತ್ತದೆ. ಅಂಥದ್ದಾದರೆ ಮುಚ್ಚಳದ ಜೊತೆ ಉದ್ದನೆಯ ಸರಳು, ಅದರ ತುದಿಯ ಹಿತ್ತಾಳೆಯ ಗುಂಡು, ಅದಕ್ಕೆ ಸುತ್ತಿದ ಕೂದಲು ಎಲ್ಲವೂ ಮೇಲೆ ಬರುತ್ತವೆ. ಗಾಬರಿಯಾಗಬೇಕಿಲ್ಲ, ತೊಳೆದು ಹಾಗೇ ಹಿಂದಕ್ಕೆ ಇಳಿಸಿದರಾಯಿತು. ಈ ಮನೆಯಲ್ಲಿದ್ದದ್ದು ಬರೀ ಮುಚ್ಚಳ. ಪ್ಲಂಬರು ಸಣ್ಣ ಪ್ಲಾಸ್ಟಿಕ್ ನಳಿಕೆಯೊಂದನ್ನು ಎಲ್ಬೋ ದಾಟಿಸಿ ಪೈಪಿನೊಳಕ್ಕೆ ಒಂದು ಗೇಣು ಇಳಿಸಿ, ಅದರ ಬಾಯಿಗೆ ಆಲಿಕೆ ಇಟ್ಟು, ಮಗ್ಗಿನಿಂದ ನೀರು ಸುರಿದರು. ಇದು ಜಾಣತನದ ಪರೀಕ್ಷೆ. ಹೀಗೆ ಸುರಿದ ನೀರು ಗ್ಯಾಸ್ಕೆಟ್ಟನ್ನು ಮುಟ್ಟುವುದೇ ಇಲ್ಲ. ಈಗಲೂ ಸೋರಿದರೆ ತಪ್ಪು ಗ್ಯಾಸ್ಕೆಟ್ಟಿನದಲ್ಲ, ಕೆಳಗಿನ ಸಂದಿನದು.

ಎರಡನೇ ಮಗ್ಗು ಮುಗಿಯುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

ಇದರಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಟೀಯ ಮೇಲ್ತುದಿಯ ನಟ್ಟು ಸ್ವಲ್ಪ ಸಡಿಲವಾದ ಮಾತ್ರಕ್ಕೆ ಅಲ್ಲಿ ನೀರು ಸುರಿಯಬಾರದು. ಮೇಲಿನ ಪೈಪಿನ ತುದಿ ಟೀಯೊಳಗೆ ಇಳಿದು ನಟ್ಟಿಗಿಂತ ಕೆಳಗೆ ಬಂದಿರುತ್ತದೆ, ಬಿದ್ದ ನೀರು ನೇರ ಕೆಳಗೆ ಹೋಗುತ್ತದೆ. ಹಾಗಿದ್ದೂ ಎರಡು ಮಗ್ಗಿಗೆ ಸೋರಿತೆಂದರೆ ಪೈಪೇ ಟೀಯಿಂದ ಮೇಲೆದ್ದಿದೆ ಎಂದು ಅರ್ಥ. ಟಬ್ಬನ್ನು ಖಾಲಿ ಮಾಡಿದಾಗ ಅಲ್ಲಿ ಸೋರದಿರಲೂ ಅದೇ ಕಾರಣ. ಟಬ್ಬಿನ ತಳದಿಂದ ಬಂದ ನೀರು ಟೀಯ ಪಕ್ಕದಿಂದ ನುಗ್ಗಿ ಕೆಳಗಿಳಿಯುತ್ತದೆ, ಚರಂಡಿ ಕಟ್ಟಿಕೊಂಡು ಹಿಮ್ಮೆಟ್ಟದ ಹೊರತು ಮೇಲ್ತುದಿಗೆ ಏರುವುದಿಲ್ಲ.

ಪ್ಲಂಬರು ಎಲ್ಬೋವಿನೊಳಗೆ ಬೆರಳಿಟ್ಟು ಗ್ಯಾಸ್ಕೆಟ್ಟನ್ನೂ ಸವರಿ ನೋಡಿದರು. ಕೆಳಭಾಗ ಗಟ್ಟಿಯಾಗಿ ಸೀಳಿತ್ತು, ಬೆರಳಿಗೆ ಕಪ್ಪು ಪುಡಿ ಹತ್ತಿತು. ಎರಡೂ ದೋಷ ಇದ್ದವು.

ಗ್ಯಾಸ್ಕೆಟ್ಟು ಮಾತ್ರ ಕೆಟ್ಟಿದ್ದರೆ ಗೋಡೆ ಒಡೆಯುವ ಕೆಲಸವಿಲ್ಲ. ಟಬ್ಬಿನೊಳಗೆ ಕೂತೇ ಮಾಡಬಹುದು. ಮುಚ್ಚಳ ತೆಗೆದು, ಎಲ್ಬೋವನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಹಳೆಯ ಗ್ಯಾಸ್ಕೆಟ್ಟನ್ನು ತೂತಿನ ಮೂಲಕ ಎಳೆದು ತೆಗೆಯಬೇಕು. ಟಬ್ಬಿನ ಬೆನ್ನಿಗೂ ಎಲ್ಬೋವಿನ ಬಾಯಿಗೂ ಅಂಟಿದ ಚೂರುಗಳನ್ನು ಕೆರೆದು ಒರೆಸಬೇಕು. ಹೊಸದನ್ನು ಮಡಿಚಿ ತೂತಿನೊಳಗೆ ತೂರಿಸಿ, ದಪ್ಪ ಬದಿ ಕೆಳಗೆ ಬರುವಂತೆ ಬಿಡಿಸಿ ಕೂರಿಸಬೇಕು. ಅದಕ್ಕೆ ಪುಟ್ಟಿಯಾಗಲಿ ಸಿಲಿಕೋನಾಗಲಿ ಬೇಡ, ಒಣ ರಬ್ಬರೇ ಹಿಡಿಯುತ್ತದೆ. ಹೊಸ ಗ್ಯಾಸ್ಕೆಟ್ಟಿನ ಬೆಲೆ ಕೆಲವೇ ಡಾಲರು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಆಕಾರದ್ದನ್ನು ತರುವುದು ಒಳ್ಳೆಯದು. ಕೊನೆಗೆ ಸ್ಕ್ರೂ. ಎರಡಿದ್ದರೆ ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು, ಅದಕ್ಕೊಂದು ಸುತ್ತು ಇದಕ್ಕೊಂದು ಸುತ್ತು ಕೊಡುತ್ತ ಬರಬೇಕು. ಗ್ಯಾಸ್ಕೆಟ್ಟು ಒತ್ತಿ ಕೂತದ್ದು ಕೈಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕೂ ಮೀರಿ ತಿರುಗಿಸಿದರೆ ಒಳಗಿನ ಪಟ್ಟಿಯ ಮರೆ ಸವೆದು ಹೋಗುತ್ತದೆ, ಆಮೇಲೆ ಎಲ್ಬೋವನ್ನೇ ಬದಲಾಯಿಸಬೇಕು.

ಎಲ್ಬೋವನ್ನು ಹಿಂದಕ್ಕೆ ತಳ್ಳುವಾಗ ಅದು ಸ್ವಲ್ಪ ಬಳುಕಿ ಮತ್ತೆ ತನ್ನ ಜಾಗಕ್ಕೆ ಬರಬೇಕು. ಹಲ್ಲು ಅಲುಗಿದ ಹಾಗೆ ಎತ್ತ ಬೇಕಾದರತ್ತ ಓಲಾಡಿದರೆ ಕೆಳಗಿನ ಸಂದು ಬಿಟ್ಟಿದೆ ಎಂದೇ ತಿಳಿಯಬೇಕು. ಆಗ ಮುಂಭಾಗದ ರಿಪೇರಿ ಸಾಲದು, ಹಿಂದಿನಿಂದಲೇ ಹೋಗಬೇಕು.

ಹಿಂದಿನಿಂದ ಹೋಗಲು ದಾರಿ ಬೇಕಲ್ಲ. ಟಬ್ಬಿನ ನಲ್ಲಿಯ ತುದಿಗೆ ಆನಿಕೊಂಡ ಗೋಡೆಯ ಆಚೆ, ಬಟ್ಟೆಯ ಕ್ಲಾಸೆಟ್ಟಿನೊಳಗೋ ಮಲಗುವ ಕೋಣೆಯಲ್ಲೋ, ಬಿಚ್ಚಿ ಹಾಕಬಹುದಾದ ಹಲಗೆಯೊಂದನ್ನು ಒಳ್ಳೆಯ ಕೆಲಸಗಾರರು ಕೂರಿಸಿರುತ್ತಾರೆ. ಈ ಮನೆಯಲ್ಲಿ ಅದೂ ಇರಲಿಲ್ಲ. ಕ್ಲಾಸೆಟ್ಟಿನ ಗೋಡೆಯಲ್ಲಿ ಎರಡು ಮರದ ಕಂಬಗಳ ನಡುವೆ ಜಿಪ್ಸಮ್ ಹಲಗೆ ಕತ್ತರಿಸಿದರು. ಅಲ್ಲಿ ಕಂಬದ ನಡುವಿನಿಂದ ಕಂಬದ ನಡುವಿಗೆ ಸಾಮಾನ್ಯವಾಗಿ 16 ಇಂಚು ಅಂತರ. ಕೈ, ಟಾರ್ಚು, ಇಕ್ಕಳ ಆಡಿಸಲು ಜಾಗ ಸಾಕು.

ಟೀಯ ನಟ್ಟನ್ನು ಮುಟ್ಟಿದರೆ ಬೆರಳಲ್ಲೇ ತಿರುಗಿತು. ಮೇಲಿನ ಪೈಪು ಟೀಯೊಳಗೆ ಕಾಲು ಇಂಚು ಮಾತ್ರ ಇಳಿದಿತ್ತು, ಅದೂ ಓರೆಯಾಗಿ. ಮನೆ ಕಟ್ಟಿದ ದಿನ ಯಾರೋ ಪೈಪನ್ನು ಒಂದು ಇಂಚು ಗಿಡ್ಡ ಕತ್ತರಿಸಿದ್ದರು. ನಟ್ಟು ಅದರ ತುದಿಯನ್ನು ಹೇಗೋ ಹಿಡಿದುಕೊಂಡಿತ್ತು, ಗೋಡೆ ಮುಚ್ಚಿತು. ಮುಂದಿನ ವರ್ಷಗಳಲ್ಲಿ ಅದನ್ನು ಬಿಚ್ಚಿದ್ದು ಟಬ್ಬೇ. ಪ್ಲಂಬರು ಯಜಮಾನನನ್ನು ಖಾಲಿ ಟಬ್ಬಿನಲ್ಲಿ ಹತ್ತಿಸಿ ಇಳಿಸಿ, ತಾವು ಹಿಂದಿನಿಂದ ನೋಡಿದರು. ಪ್ರತಿ ಹೆಜ್ಜೆಗೂ ಟೀ ಚೂರು ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಫೈಬರ್‌ಗ್ಲಾಸ್ ಟಬ್ಬಿನ ತಳದ ಕೆಳಗೆ ಗಾರೆಯ ಹಾಸು ಹಾಕಿ ಕೂರಿಸದಿದ್ದರೆ ಅದು ಹೀಗೆ ಬಳುಕುತ್ತದೆ. ಸುಮಾರು 150 ಲೀಟರ್ ನೀರು ಎಂದರೆ 150 ಕಿಲೋ, ಅದರ ಮೇಲೆ ಜನ. ತಳ ಬಗ್ಗಿದಾಗ ಅಡ್ಡ ಪೈಪು, ಟೀ ಎರಡೂ ಕೆಳಗೆ ಎಳೆಯುತ್ತವೆ. ಓವರ್‌ಫ್ಲೋ ಪೈಪು ಮಾತ್ರ ಮೇಲೆ ಸ್ಕ್ರೂವಿಗೆ ಕಟ್ಟಿಬಿದ್ದಿರುತ್ತದೆ. ನಡುವಿನ ನಟ್ಟು ಎಷ್ಟು ದಿನ ತಡೆದೀತು? ಟಬ್ಬಿನ ತಳಕ್ಕೆ ಗಾರೆ ಹಾಕುವುದು ಕೂರಿಸುವ ದಿನವೇ ಆಗಬೇಕಾದ ಕೆಲಸ. ಈಗ ಅದಕ್ಕೆ ಕಾಲ ಮೀರಿತ್ತು. ಪೈಪಿನ ಉದ್ದವನ್ನಾದರೂ ಸರಿಮಾಡಬಹುದಿತ್ತು.

ಉದ್ದನೆಯ ಹೊಸ ಪೈಪು, ಎಲ್ಬೋ, ವಾಷರ್ರು, ನಟ್ಟು ಬಂದವು. ಪೈಪು ಟೀಯೊಳಗೆ ಒಂದೂಕಾಲು ಇಂಚು ಇಳಿಯುವಂತೆ ಅಳೆದು ಕತ್ತರಿಸಿದರು. ಮೊದಲು ನಟ್ಟು, ಆಮೇಲೆ ವಾಷರ್ರನ್ನು ಪೈಪಿಗೆ ಏರಿಸಿದರು. ವಾಷರ್ರಿನ ಇಳಿಜಾರು ಬದಿ ಟೀಯ ಕಡೆಗೆ, ಚಪ್ಪಟೆ ಬದಿ ನಟ್ಟಿನ ಕಡೆಗೆ. ನಟ್ಟನ್ನು ಆಗಲೇ ಬಿಗಿಯಲಿಲ್ಲ, ಮೆಲ್ಲಗೆ ಕೂರಿಸಿ ಬಿಟ್ಟರು. ಮೇಲೆ ಹೋಗಿ ಗ್ಯಾಸ್ಕೆಟ್ಟು ಕೂರಿಸಿ, ಮುಚ್ಚಳದ ಸ್ಕ್ರೂ ಬಿಗಿದು, ಎಲ್ಬೋ ತನ್ನ ಕೊನೆಯ ಜಾಗಕ್ಕೆ ಬಂದ ಮೇಲೆ ಮತ್ತೆ ಹಿಂದೆ ಬಂದು ನಟ್ಟನ್ನು ಕೈಯಲ್ಲಿ ಬಿಗಿದು, ಇಕ್ಕಳದಿಂದ ಕಾಲು ಸುತ್ತು ಕೊಟ್ಟರು. ಈ ಕ್ರಮ ತಪ್ಪಬಾರದು. ಕೆಳಗಿನ ನಟ್ಟನ್ನು ಮೊದಲು ಬಿಗಿದುಬಿಟ್ಟರೆ, ಮೇಲಿನ ಸ್ಕ್ರೂ ಎಳೆಯುವಾಗ ಪೈಪು ವಾಲಲಾರದೆ ಗ್ಯಾಸ್ಕೆಟ್ಟು ಒಂದು ಬದಿಗೆ ಮಾತ್ರ ಒತ್ತುತ್ತದೆ.

ಆಮೇಲೆ ಟಬ್ಬನ್ನು ಓವರ್‌ಫ್ಲೋ ತೂತಿನವರೆಗೂ ತುಂಬಿಸಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ನೀರು ಸೀಳಿನಲ್ಲಿ ಹರಿಯುತ್ತಿರುವಾಗಲೇ ಎಲ್ಬೋವಿನ ಕೆಳಗೂ ನಟ್ಟಿನ ಕೆಳಗೂ ಒಣ ಟಿಶ್ಯೂ ಕಾಗದ ಹಿಡಿದು ನೋಡಿದರು. ಕಣ್ಣಿಗೆ ಕಾಣದ ತೇವವನ್ನು ಕಾಗದ ತೋರಿಸಿಕೊಡುತ್ತದೆ. ಯಜಮಾನ ಟಬ್ಬಿನ ಅಂಚಿನ ಮೇಲೆ ಭಾರ ಹಾಕಿ ಕೂತು ಅಲುಗಿಸಿದರೂ ಕಾಗದ ಒಣಗಿಯೇ ಇತ್ತು. ನಲ್ಲಿಯನ್ನು ಪೂರ್ತಿ ತಿರುಗಿಸಿ ಈ ಪರೀಕ್ಷೆ ಮಾಡಬಾರದು. ಓವರ್‌ಫ್ಲೋ ದಾರಿ ಪೂರ್ತಿ ಬಿಟ್ಟ ನಲ್ಲಿಯ ವೇಗಕ್ಕೆ ಸಾಟಿಯಾಗುತ್ತದೆಂಬ ಖಾತ್ರಿ ಇಲ್ಲ. ನಲ್ಲಿ ಬಿಟ್ಟು ಆಚೆ ಹೋಗುವವರೂ ಇದನ್ನು ತಿಳಿದಿರಬೇಕು.

ಉಳಿದದ್ದು ಒದ್ದೆಯ ಲೆಕ್ಕ. ಸ್ಕ್ರೂಡ್ರೈವರಿನ ತುದಿಯಿಂದ ಪ್ಲೈವುಡ್ಡನ್ನು ಚುಚ್ಚಿದಾಗ ಮೆತ್ತಗಿದ್ದರೆ ಕೊಳೆತಿದೆ, ಕತ್ತರಿಸಿ ತೆಗೆಯಬೇಕು. ಇಲ್ಲಿ ಬಣ್ಣ ಕಪ್ಪಾಗಿತ್ತು, ಮರ ಗಟ್ಟಿಯಿತ್ತು. ಗೋಡೆಯೊಳಗೆ ತುರುಕಿದ ಒದ್ದೆ ಹತ್ತಿಯಂಥ ಇನ್ಸುಲೇಷನ್ ಕಿತ್ತೆಸೆದು, ಫ್ಯಾನು ಹಚ್ಚಿ ತೆರೆದಿಟ್ಟು ಒಣಗಿಸಿದರು. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವುದು ತಪ್ಪುತ್ತದೆ ಎನ್ನುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ವಾರವಾರವೂ ನೆನೆದ ಜಾಗಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಇದಕ್ಕೂ ಹಳೆಯ ಮನೆಯಾದರೆ ಸೀಲಿಂಗನ್ನು ಕೆರೆಯುವ ಮುನ್ನ ಪರೀಕ್ಷೆ ಮಾಡಿಸಬೇಕು. 1978ಕ್ಕೆ ಮುಂಚಿನ ಬಣ್ಣದಲ್ಲಿ ಸೀಸ, ಸೀಲಿಂಗಿನ ತರಿತರಿ ಲೇಪದಲ್ಲಿ ಕಲ್ನಾರು ಇರಬಹುದು. ವಿಮೆಯವರೂ ಸಾಮಾನ್ಯವಾಗಿ ದಿಢೀರನೆ ಆದ ನೀರಿನ ಹಾನಿಗೆ ಹಣ ಕೊಡುತ್ತಾರೆ. ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಕೊಡುವುದು ಅಪರೂಪ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಟಬ್ಬು ಕಾಣಿಸುತ್ತಿರುವುದರಿಂದ ಒಂದು ಮಾತು. ಇಲ್ಲಿ ಅನೇಕ ಕಡೆ ಟಬ್ಬಿನ ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿ ಟೈಲ್ಸ್ ಅಂಟಿಸಿಬಿಡುತ್ತಾರೆ. ಓವರ್‌ಫ್ಲೋವಿನಿಂದ ಕಿಂಡಿಗೆ ಗಟ್ಟಿ ಪೈಪಿನ ಬದಲು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ನಳಿಕೆ ಇರುವುದುಂಟು, ಅದರ ಎರಡು ತುದಿಯಲ್ಲೂ ಇದೇ ಬಗೆಯ ನಟ್ಟು, ವಾಷರ್ರು. ಸೋರಿದ ನೀರು ಕಟ್ಟೆಯೊಳಗೆ ನಿಂತು, ಕಾಂಕ್ರೀಟಿನಲ್ಲಿ ಇಳಿದು, ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಬಣ್ಣ ಉಬ್ಬಿಸುತ್ತದೆ. ಜಗಳವಾಗುತ್ತದೆ, ಸಂಘದ ಸಭೆಯಾಗುತ್ತದೆ, ಕೊನೆಗೆ ಯಾರೋ ನೆಲದ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿ ಹೋಗುತ್ತಾರೆ. ಟಬ್ಬನ್ನು ಅರ್ಧಕ್ಕೊಮ್ಮೆ, ಓವರ್‌ಫ್ಲೋ ತೂತಿನವರೆಗೆ ಇನ್ನೊಮ್ಮೆ ತುಂಬಿಸಿ ನೋಡುವ ಪರೀಕ್ಷೆಗೆ ಅಲ್ಲೂ ಇಲ್ಲೂ ಖರ್ಚಾಗುವುದು ನೀರು ಮಾತ್ರ. ಸಭೆ ಕರೆಯುವ ಮೊದಲು ಅದನ್ನು ಮಾಡಿ ನೋಡಿ. ಹೊಸದಾಗಿ ಟಬ್ಬು ಹಾಕಿಸುವವರು ನಲ್ಲಿಯ ತುದಿಯಲ್ಲಿ ಒಂದಡಿ ಚೌಕದ ಬಿಚ್ಚುವ ಬಾಗಿಲನ್ನು ಬಿಡಲು ಗಾರೆಯವರಿಗೆ ಮೊದಲೇ ಹೇಳಿ. ಕೆಲಸ ಮುಗಿದ ಮೇಲೆ ಹೇಳಿದರೆ ಟೈಲ್ಸ್ ಒಡೆಯಬೇಕಾಗುತ್ತದೆ.